ಮೀಟರೋ, ಹಿಡಿಸೂಡಿ ಕಡ್ಡಿಯೋ: ಜೆಡ್‌ಜೆಡ್ ಗಿಡದ ಸುಕ್ಕುಗೆಡ್ಡೆಯ ಪಂಚಾಯಿತಿ

ಜೆಡ್‌ಜೆಡ್ ಗಿಡಕ್ಕೆ ನೀರು ಬೇಕೋ ಬೇಡವೋ ಎಂದು ತಿಳಿಯಲು ನಾನು ಎರಡು ಸಾಧನಗಳನ್ನು ಬಳಸಿ ನೋಡಿದ್ದೇನೆ. ಒಂದು, 350 ರೂಪಾಯಿ ಕೊಟ್ಟು ತರಿಸಿದ ತೇವ ಅಳೆಯುವ ಮೀಟರ್. ಇನ್ನೊಂದು, ಅಂಗಳ ಗುಡಿಸುವ ಹಿಡಿಸೂಡಿಯಿಂದ ಎಳೆದುಕೊಂಡ ತೆಂಗಿನ ಕಡ್ಡಿ. ನಾನು ಕಡ್ಡಿಯ ಪಕ್ಷ. ಮೀಟರಿನ ಮೇಲೆ ನನಗೆ ಸಿಟ್ಟಿದೆ ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬಹುದು.

ಪರೀಕ್ಷೆಗೆ ಸಿಕ್ಕಿದ್ದು ಎರಡು ಕುಂಡಗಳು. ಒಂದು ಮಂಗಳೂರಿನ ನಮ್ಮ ಮನೆಯ ಚಾವಡಿಯಲ್ಲಿದ್ದದ್ದು. ಇನ್ನೊಂದು ಮಣಿಪಾಲದಲ್ಲಿ ಅಕ್ಕನ ಫ್ಲ್ಯಾಟಿನಲ್ಲಿ, ದಿನವಿಡೀ ಏಸಿ ಓಡುವ ಕೋಣೆಯಲ್ಲಿದ್ದದ್ದು. ಆಟಿಯ ಮಳೆಯ ನಡುವೆ ಎರಡರಲ್ಲೂ ಒಂದೇ ಲಕ್ಷಣ ಕಾಣಿಸಿತು: ಕೆಲವು ದಂಟುಗಳು ಹಳದಿಯಾದವು, ಮಣ್ಣಿನ ಮೇಲೆ ಇಣುಕುತ್ತಿದ್ದ ಗೆಡ್ಡೆಗಳು ಹಳೆಯ ಶುಂಠಿಯ ಹಾಗೆ ಸುಕ್ಕುಗಟ್ಟಿದವು. ತೀರಾ ಹಳೆಯದೊಂದು ದಂಟು ಹಳದಿಯಾಗಿ ಬೀಳುವುದು ಈ ಗಿಡಕ್ಕೆ ಸಹಜ. ಒಟ್ಟಿಗೆ ಎರಡು ಮೂರು ಹೋದರೆ ಮಾತ್ರ ಕೆಳಗೆ ಏನೋ ಆಗಿದೆ ಎಂದು ಅರ್ಥ.

ತಲೆನೋವು ಇರುವುದು ಸುಕ್ಕಿನಲ್ಲೇ. ಗೆಡ್ಡೆ ಈ ಗಿಡದ ನೀರಿನ ಟಾಂಕಿ. ಮಣ್ಣು ಬಹಳ ದಿನ ಒಣಗಿದ್ದರೆ ಟಾಂಕಿ ಬರಿದಾಗಿ ಸುಕ್ಕಾಗುತ್ತದೆ. ಮಣ್ಣು ಸದಾ ಒದ್ದೆಯಾಗಿದ್ದರೆ ಬೇರು ಕೊಳೆಯುತ್ತದೆ, ನೀರು ಹೀರುವವರಿಲ್ಲದೆ ಆಗಲೂ ಗೆಡ್ಡೆ ಸುಕ್ಕಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಮದ್ದು ಮಾತ್ರ ತದ್ವಿರುದ್ಧ. ಸುಕ್ಕು ಕಂಡ ತಕ್ಷಣ ಚೊಂಬು ಎತ್ತಿಕೊಳ್ಳುವವರು ಕೊಳೆತ ಗಿಡಕ್ಕೆ ಮತ್ತಷ್ಟು ನೀರು ಹೊಯ್ಯುವುದು ಹೀಗೆ.

ಮೀಟರನ್ನು ತರಿಸಿದ್ದು ಈ ಗೊಂದಲ ಬಿಡಿಸಲಿ ಎಂದೇ. ಅದು ಎರಡು ಕುಂಡಗಳಲ್ಲೂ ಮುಳ್ಳನ್ನು ಕೆಂಪು ಗುರುತಿನ ಕಡೆ, ಅಂದರೆ 'ಒಣಗಿದೆ' ಎಂಬಲ್ಲಿ ನಿಲ್ಲಿಸಿತು. ಅಕ್ಕನ ಕುಂಡ ನಿಜವಾಗಿಯೂ ಒಣಗಿತ್ತು. ನನ್ನ ಕುಂಡವನ್ನು ಎತ್ತಿದರೆ ಕೈ ಸೋಲುವಷ್ಟು ಭಾರ! ಬ್ಯಾಟರಿ ಇಲ್ಲದ ಈ ಮೀಟರುಗಳ ಸಲಾಕೆಯಲ್ಲಿ ಎರಡು ಬೇರೆ ಬೇರೆ ಲೋಹಗಳಿರುತ್ತವೆ. ಒದ್ದೆ ಮಣ್ಣು ತಾಗಿದಾಗ ಅವುಗಳ ನಡುವೆ ಸಣ್ಣ ವಿದ್ಯುತ್ ಹರಿಯುತ್ತದೆ, ಮುಳ್ಳು ತೋರಿಸುವುದು ಅದನ್ನು. ನುಣುಪು ಮಣ್ಣು ಸಲಾಕೆಗೆ ಒತ್ತಿಕೊಂಡಿದ್ದರೆ ಸರಿ. ನನ್ನ ಕುಂಡದಲ್ಲಿದ್ದದ್ದು ತೆಂಗಿನ ನಾರಿನ ಪುಡಿ, ಹೊಯ್ಗೆ, ಒಡೆದ ಹಂಚಿನ ಚೂರು. ನಡುವೆ ಗಾಳಿಯ ಸಂದುಗಳಿದ್ದು ಸಲಾಕೆಗೆ ಮಣ್ಣು ಸರಿಯಾಗಿ ತಾಗಲೇ ಇಲ್ಲ. ತಾಗದಿದ್ದರೆ ಮೀಟರಿನ ಲೆಕ್ಕದಲ್ಲಿ ಅದು ಒಣ ಮಣ್ಣು. ಸಲಾಕೆಯನ್ನು ಅರ್ಧ ಅಂಗುಲ ಪಕ್ಕಕ್ಕೆ ಚುಚ್ಚಿದರೆ ಮುಳ್ಳು ಹಸಿರಿಗೆ ಹಾರಿತು, ಇನ್ನೊಂದು ಕಡೆ ಚುಚ್ಚಿದರೆ ಮತ್ತೆ ಕೆಂಪು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಗೊಬ್ಬರ ಹಾಕಿದ ಮಣ್ಣಿನಲ್ಲಿ ಉಪ್ಪಿನ ಅಂಶ ಹೆಚ್ಚಿದ್ದು, ಅದೇ ತೇವಕ್ಕೆ ಇದೇ ಮೀಟರ್ ಹೆಚ್ಚು ಒದ್ದೆ ಎನ್ನುತ್ತದೆ. ಇನ್ನೊಂದು ಕಿರಿಕಿರಿ ಈ ಗಿಡಕ್ಕೇ ವಿಶೇಷ. ಕುಂಡದ ಒಳಗೆಲ್ಲ ಗೆಡ್ಡೆ ತುಂಬಿರುವುದರಿಂದ ಸಲಾಕೆ ಕೆಳಗಿಳಿಯದೆ ಗೆಡ್ಡೆಗೆ ತಗಲುತ್ತದೆ. ಬಲ ಹಾಕಿದರೆ ಗೆಡ್ಡೆಗೆ ತೂತು. ಕೊಳೆ ರೋಗಕ್ಕೆ ನಾವೇ ಬಾಗಿಲು ತೆರೆದಂತೆ.

ತೆಂಗಿನ ಕಡ್ಡಿ ಬಾಗುತ್ತದೆ. ಗೆಡ್ಡೆ ಸಿಕ್ಕಿದರೆ ಪಕ್ಕಕ್ಕೆ ಜಾರಿ ತಳ ಮುಟ್ಟುತ್ತದೆ. ಕುಂಡದ ಅಂಚಿನ ಬಳಿ ತಳದವರೆಗೆ ಇಳಿಸಿ, ಕಾಲು ಗಂಟೆ ಬಿಟ್ಟು ಎಳೆದು ನೋಡುತ್ತೇನೆ. ನನ್ನ ಕುಂಡದಿಂದ ಬಂದ ಕಡ್ಡಿಯ ಮೇಲ್ಭಾಗ ಒಣಗಿತ್ತು. ಕೆಳಗಿನ ಮೂರು ಬೆರಳಿನಷ್ಟು ಕಪ್ಪಾಗಿ, ಮಣ್ಣು ಅಂಟಿಕೊಂಡು, ಮೂಗಿಗೆ ಹಿಡಿದರೆ ಕೊಳೆತ ವಾಸನೆ ಇತ್ತು. ವಾಸನೆ ತೋರಿಸುವ ಮೀಟರ್ ಯಾವ ಅಂಗಡಿಯಲ್ಲೂ ಇಲ್ಲ. ಅಕ್ಕನ ಕುಂಡದ ಕಡ್ಡಿ ಹೋದ ಹಾಗೆಯೇ ಸ್ವಚ್ಛವಾಗಿ ಬಂತು.

ವಾರಕ್ಕೊಮ್ಮೆ ನೀರು ಎಂಬ ನಿಯಮ ನಮ್ಮ ಕರಾವಳಿಯ ಮಳೆಗಾಲದಲ್ಲಿ ನಡೆಯುವುದಿಲ್ಲ. ಕುಂಡ ಎತ್ತಿ ಭಾರ ನೋಡುವ ಕ್ರಮ ಪ್ಲಾಸ್ಟಿಕ್ ಕುಂಡಕ್ಕೆ ಒಳ್ಳೆಯದು, ಮಣ್ಣಿನ ದೊಡ್ಡ ಕುಂಡಕ್ಕೆ ಆಗದು.

ಇನ್ನು ಗೆಡ್ಡೆಗಳನ್ನು ಬೇರೆ ಬೇರೆಯಾಗಿ ಬಿಡಿಸಿ ನೆಡುವ ವಿಚಾರ. ಗಿಡ ಮಾರಿದ ಅಂಗಡಿಯವರನ್ನು ಕೇಳಿದಾಗ, "ಎರಡನ್ನೂ ಈಗಲೇ ಬಿಡಿಸಿ ನೆಟ್ಟುಬಿಡಿ" ಎಂದರು. ನಾನು ಒಂದನ್ನು ಮಾತ್ರ ಬಿಡಿಸಿದೆ.

ನನ್ನ ಗಿಡವನ್ನು ಕುಂಡದಿಂದ ಕಳಚಿ ಗೆಡ್ಡೆಗಳನ್ನು ಹೆಬ್ಬೆರಳಿನಿಂದ ಒತ್ತಿದೆ. ಕೆಲವು ಸುಕ್ಕಾಗಿದ್ದರೂ ಗಟ್ಟಿ, ಕೆಲವು ಒಳಗೆ ಕುಸಿದವು. ಬೇರನ್ನು ಮೆಲ್ಲನೆ ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ನಡುವಿನ ದಾರ ಮಾತ್ರ ಉಳಿಯಿತು. ಕೊಳೆತ ಬೇರನ್ನು ಗುರುತಿಸಲು ಇಷ್ಟು ಸಾಕು. ಸತ್ತ ಬೇರನ್ನೆಲ್ಲ ತೆಗೆದು, ಮೆತ್ತಗಾದ ಗೆಡ್ಡೆಗಳನ್ನು ಎಸೆದೆ. ಅರ್ಧ ಕೆಟ್ಟವುಗಳನ್ನು ಒಳಗಿನ ಬಿಳಿ ತಿರುಳು ಕಾಣುವವರೆಗೆ ಕೊಯ್ದೆ, ಪ್ರತಿ ಕೊಯ್ತಕ್ಕೂ ಚಾಕುವನ್ನು ಸ್ಪಿರಿಟಿನಲ್ಲಿ ಒರೆಸಿದೆ. ಕೈಗವಸು ಬೇಕೇ ಬೇಕು. ಇದು ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದೇ ಗಿಡ, ಇದರ ರಸಕ್ಕೂ ಅದೇ ತುರಿಕೆ. ಕೊಯ್ದ ಭಾಗ ಒಣಗಲು ಬಿಸಿಲು ಕಾಲದಲ್ಲಿ ಒಂದು ದಿನದ ನೆರಳು ಸಾಕು. ಆಟಿಯಲ್ಲಿ ಎರಡು ದಿನ ಫ್ಯಾನಿನ ಕೆಳಗೆ ಇಡಬೇಕಾಯಿತು. ಆಮೇಲೆ ಗೆಡ್ಡೆಗಿಂತ ಸ್ವಲ್ಪವೇ ಅಗಲವಿರುವ ಕುಂಡಗಳಲ್ಲಿ, ಹಂಚಿನ ಚೂರು ಹೆಚ್ಚಿರುವ ಒಣ ಮಿಶ್ರಣದಲ್ಲಿ ನೆಟ್ಟು, ಒಂದು ವಾರ ನೀರು ಮುಟ್ಟಿಸಲಿಲ್ಲ. ಪೂರ್ತಿ ಹಳದಿಯಾದ ದಂಟುಗಳನ್ನು ಕತ್ತರಿಸಿದೆ, ಅವು ಮತ್ತೆ ಹಸಿರಾಗುವುದಿಲ್ಲ. ಇಲ್ಲಿ ಬಿಡಿಸುವುದು ಗಿಡ ಹೆಚ್ಚಿಸಲು ಅಲ್ಲ, ಉಳಿದದ್ದಕ್ಕೆ ಕೊಳೆ ಹಬ್ಬದಿರಲು.

ಅಕ್ಕನ ಗಿಡದ ಗೆಡ್ಡೆಗಳೆಲ್ಲ ಗಟ್ಟಿ. ಅದಕ್ಕೆ ಬೇಕಾದದ್ದು ನೀರು ಮಾತ್ರ. ಅದನ್ನೂ ಮೇಲಿನಿಂದ ಹೊಯ್ದರೆ ಪ್ರಯೋಜನವಿರಲಿಲ್ಲ. ಪೂರ್ತಿ ಒಣಗಿದ ಮಿಶ್ರಣ ಕುಗ್ಗಿ ಕುಂಡದ ಅಂಚು ಬಿಟ್ಟರೆ ನೀರು ಆ ಸಂದಿನಿಂದಲೇ ತಟ್ಟೆಗೆ ಇಳಿದುಬಿಡುತ್ತದೆ. ಕುಂಡವನ್ನು ಅರ್ಧ ಗಂಟೆ ಬಕೆಟಿನ ನೀರಿನಲ್ಲಿ ಇಟ್ಟು, ಎತ್ತಿ ಚೆನ್ನಾಗಿ ಬಸಿದೆವು. ಮುಂದಿನ ವಾರಗಳಲ್ಲಿ ಸುಕ್ಕು ನಿಧಾನವಾಗಿ ತುಂಬಿತು. ಹಾಗೆ ತುಂಬದಿದ್ದರೆ ಬೇರು ಇಲ್ಲವೆಂದು ತಿಳಿದು ಕಳಚಿ ನೋಡಬೇಕಿತ್ತು. ಬಾಯಾರಿದ ಗೆಡ್ಡೆಯನ್ನು ಬಿಡಿಸಿದರೆ ಇರುವ ಬೇರೂ ಹರಿದು, ತುಂಡುಗಳು ತಿಂಗಳುಗಟ್ಟಲೆ ಹೊಸ ಚಿಗುರಿಲ್ಲದೆ ಕೂರುತ್ತವೆ.

ಖರ್ಚಿನ ಲೆಕ್ಕದಲ್ಲೂ ಕಡ್ಡಿಯೇ ಗೆದ್ದಿತು. ಎರೆಮಣ್ಣಿನಂಥ ನುಣುಪು ಮಣ್ಣಿನಲ್ಲಿ ಗಿಡ ಬೆಳೆಸುವವರು, ಕುಂಡದ ಮುಂದೆ ಕಾಲು ಗಂಟೆ ಕಾಯಲು ಪುರಸೊತ್ತಿಲ್ಲದವರು ಮೀಟರನ್ನೇ ಇಟ್ಟುಕೊಳ್ಳಲಿ. ಒಂದೇ ಕುಂಡದಲ್ಲಿ ಮೂರು ಕಡೆ ಚುಚ್ಚಿ ನೋಡಿದರೆ ಸಾಕು.

ಅಕ್ಕನ ಪ್ಲಾಸ್ಟಿಕ್ ಕುಂಡ ಈಗ ಗೆಡ್ಡೆಯ ಒತ್ತಡಕ್ಕೆ ಒಂದು ಕಡೆ ಉಬ್ಬಿದೆ. ಗೆಡ್ಡೆ ತುಂಬಿಕೊಂಡು, ಕುಂಡ ಉಬ್ಬಿ, ಮಳೆಯೂ ಹಿಂದೆ ಸರಿದಿರುವುದರಿಂದ ದೀಪಾವಳಿ ಕಳೆದ ಮೇಲೆ ಬಿಡಿಸುವುದೆಂದು ನಿಶ್ಚಯಿಸಿದ್ದೇವೆ. ಅಕ್ಕನಿಗೆ ನಾಲ್ಕು ಗಿಡ ಬೇಕಂತೆ, ನೆರೆಮನೆಗೂ ಕೊಡಬೇಕಂತೆ. ಪ್ರತಿ ತುಂಡಿಗೆ ಎರಡು ದಂಟು ಮತ್ತು ಅದರದ್ದೇ ಬೇರು ಇರಬೇಕೆಂದರೆ ಎರಡಕ್ಕಿಂತ ಹೆಚ್ಚು ಮಾಡಲು ನಾನು ಒಪ್ಪಿಲ್ಲ.