ತಗಡಿನ ಕೂಲರ್‌ಗೆ ಪಂಪ್ ಸ್ವಿಚ್ ಬ್ಯಾರೆ, ಸ್ಪೀಡ್ ಸ್ವಿಚ್ ಬ್ಯಾರೆ ಮಾಡ್ಸಿ ಬಳಸಿದ್ಮ್ಯಾಲೆ

ಕಲಬುರಗಿಯಾಗ ಲೋಕಲ್ ತಯಾರಾಗೋ ತಗಡಿನ ಡೆಸರ್ಟ್ ಕೂಲರ್ ನಮ್ದು, ತಂದಾಗ ಒಂದೇ ಸ್ವಿಚ್ ಇತ್ತು, ಒತ್ತಿದ್ರ ಫ್ಯಾನು ಪಂಪು ಎರಡೂ ಒಮ್ಮೆಲೆ ಶುರು. ಬದಿಗೆ ತುಂಬಿದ ಘಾಸ್ ಒಣಗಿರ್ತದಲ್ರಿ, ಮೇ ತಿಂಗಳ ಮಧ್ಯಾಹ್ನ ಮೊದಲು ಬರೋದು ಬಿಸಿಗಾಳಿ, ಧೂಳು. ಈಗ ಬ್ಯಾರೆ ಬ್ಯಾರೆ ಮಾಡ್ಸಿ ಸುಮಾರು ಬ್ಯಾಸಗಿ ಕಳದೀವಿ, ಭಾಳ ಚಲೋ ಅನಿಸ್ಯದ. ಮೊದಲು ಪಂಪ್ ಹಾಕಿ ಘಾಸ್ ಪೂರಾ ತೊಯ್ಲಿಕ್ಕ ಬಿಡ್ತೀವಿ, ಆಮ್ಯಾಲೆ ಫ್ಯಾನ್. ರಾತ್ರಿ ರೂಮ್ ಜಿಗಿಜಿಗಿ ಆದ್ರ ಪಂಪ್ ಬಂದ್, ಫ್ಯಾನ್ ಲೋ ಮ್ಯಾಲೆ.

ವೈರಿಂಗ್ ಹಿಂಗದ. ಪ್ಲಗ್‌ನಿಂದ ಬಂದ ಫೇಸ್ ಎರಡು ದಾರಿ ಹಿಡೀತದ, ಒಂದು ಪಂಪ್ ಸ್ವಿಚ್ಚಿಗೆ, ಇನ್ನೊಂದು ಸ್ಪೀಡ್ ಬದಲಿಸಲಿಕ್ಕ ತಿರುಗಿಸೋ ರೋಟರಿ ಸ್ವಿಚ್ಚಿನ ಕಾಮನ್ ಪಾಯಿಂಟಿಗೆ. ರೋಟರಿಯಿಂದ ಲೋ, ಮೀಡಿಯಂ, ಹೈ ವೈರ್ ಮೋಟಾರಿಗೆ ಹೋಗ್ತಾವ. ಪಂಪಿಂದು ಒಂದು ವೈರ್, ಮೋಟಾರಿನ ಕಾಮನ್ ವೈರ್, ಎರಡೂ ನ್ಯೂಟ್ರಲ್‌ಗೆ ಕೂಡ್ತಾವ. ವೈರಿನ ಬಣ್ಣ ಕಂಪನಿಗೊಂದು ಥರ ಇರ್ತದ, ಹಂಗಾಗಿ ಮೋಟಾರ್ ಮ್ಯಾಲಿನ ಚಿತ್ರ ನೋಡೇ ಕೂಡಿಸ್ಬೇಕು, ಕೆಪಾಸಿಟರ್ ಕನೆಕ್ಷನ್ ಮುಟ್ಟಬಾರದು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಸ್ಪೀಡಿಗೆ ರೋಟರಿನೇ ಬೇಕು. ನಮ್ಮ ಓಣಿಯಾಗ ಒಬ್ರ ಮನಿ ಕೂಲರ್‌ಗೆ ಮಿಸ್ತ್ರಿ ಮೂರು ಸ್ಪೀಡಿಗೆ ಮೂರು ಸಾದಾ ಸ್ವಿಚ್ ಕೂಡಿಸಿದ್ದ, ಹುಡುಗರು ಎರಡು ಒಮ್ಮೆಲೆ ಒತ್ತಿದ್ರು. ಸ್ಪೀಡ್ ವೈರ್‌ಗಳು ಒಂದೇ ವೈಂಡಿಂಗಿನ ನಡುವಿನ ಜಾಗದಿಂದ ತಗದಿರೋವು, ಎರಡಕ್ಕೂ ಕರೆಂಟ್ ಬಂದ್ರ ನಡುವಿನ ಸುತ್ತುಗಳು ಶಾರ್ಟ್ ಆಗಿ ಕಾಯ್ತಾವ. ಮೋಟಾರ್ ಗುಂಯ್ ಅಂತ ಸಪ್ಪಳ ಮಾಡಿ ಸುಟ್ಟ ವಾಸನಿ ಬಂತು, ವೈಂಡಿಂಗ್ ಹೊಸದಾಗಿ ಕಟ್ಟಿಸ್ಬೇಕಾಯ್ತು. ರೋಟರಿ ಒಂದು ಸಲಕ್ಕ ಒಂದೇ ವೈರಿಗೆ ಕರೆಂಟ್ ಕೊಡ್ತದ. ಸೀಲಿಂಗ್ ಫ್ಯಾನ್ ರೆಗ್ಯುಲೇಟರ್ ಹಾಕ್ತೀವಿ ಅಂದ್ರೂ ಬ್ಯಾಡ, ಕೂಲರ್ ಮೋಟಾರ್ ಜಾಸ್ತಿ ಕರೆಂಟ್ ಎಳೀತದ, ಅದು ತಡ್ಯಂಗಿಲ್ಲ.

ಅರ್ಥಿಂಗ್ ಬಗ್ಗೆ ಯಾರೂ ಉದಾಸೀನ ಮಾಡ್ಬ್ಯಾಡ್ರಿ. ಪಂಪ್ ನೀರಾಗೇ ಇರ್ತದ, ಅದರ ಸೀಲ್ ಹೋದ್ರ ಕರೆಂಟ್ ನೀರಿಗೆ, ತಗಡಿಗೆ ಬರ್ತದ. ಹಸಿರು ವೈರನ್ನ ಬಾಡಿ ಮ್ಯಾಲೆ ಪೇಂಟ್ ಕೆರದು ಸ್ಕ್ರೂನಿಂದ ಬಿಗಿ ಮಾಡ್ಸೀವಿ, ಮನಿ ಬೋರ್ಡಿನ್ಯಾಗ ಕರೆಂಟ್ ಸೋರಿದ್ರ ತಾನೇ ಬಂದ್ ಆಗೋ 30 ಮಿಲಿ ಆಂಪ್ ಆರ್‌ಸಿಸಿಬಿ ಅದ. ಆದ್ರೂ ನೀರು ಹಾಕೋ ಮುಂದ ಪ್ಲಗ್ಗೇ ತಗೀತೀವಿ, ಸ್ವಿಚ್ ಬಂದ್ ಮಾಡಿದ್ರ ಸಾಲಂಗಿಲ್ಲ. ನೀರು ಖಾಲಿ ಆದಾಗ ಪಂಪ್ ಒಂದೇ ಬಂದ್ ಮಾಡ್ಬಹುದು, ಇಲ್ಲಾಂದ್ರ ಒಣಾ ಓಡಿ ಸುಡ್ತದ.

ಮಳಿಗಾಲದಾಗ ಹೊರಗಿನ ಗಾಳಿನೇ ಹಸಿ, ಪಂಪ್ ಹಾಕಿದ್ರ ತಂಪಿಲ್ಲ ಬರೇ ಜಿಗಟು, ಅವಾಗ ಫ್ಯಾನ್ ಅಷ್ಟೇ. ಸೀಸನ್ ಮುಗಿದ್ಮ್ಯಾಲೆ ನೀರು ಚೆಲ್ಲಿ ಫ್ಯಾನ್ ಒಂದೇ ಓಡಿಸಿ ಘಾಸ್ ಒಣಗಿಸ್ತೀವಿ, ನಾತ ಹಿಡಿಯಂಗಿಲ್ಲ.

ಒಂದೇ ಕೊರತಿ ಅಂದ್ರ ರೋಟರಿ ಹಸಿಗಾಳಿಗೆ ಒಳಗ ಜಂಗು ಹಿಡೀತದ. ಹೈ ಮ್ಯಾಲೆ ಓಡೋ ಫ್ಯಾನ್ ಲೋ ಮ್ಯಾಲೆ ನಿಂತ್ರ ಮೋಟಾರ್ ಬಿಚ್ಚೋಕಿಂತ ಮೊದಲು ಅದನ್ನ ಬದಲಿ ಮಾಡಿ ನೋಡ್ರಿ.