ಕರಿಮಣಿ ಸರದ ತೂಕದಲ್ಲಿ ಮಣಿಯ ತೂಕವೂ ಸೇರಿತ್ತು

2022ರಲ್ಲಿ ನಾನು ಹಳೆಯ ದಾರದ ಕರಿಮಣಿಯನ್ನು ಬಿಟ್ಟು, ಚಿನ್ನದ ತಂತಿಯಲ್ಲಿ ಪೋಣಿಸಿದ ಎರಡೆಳೆಯ ಸರವೊಂದನ್ನು ಮೈಸೂರಿನ ಒಂದು ಅಂಗಡಿಯಲ್ಲಿ ಕೊಂಡೆ. ತವರಿನವರು ಮಾಡಿಸಿದ್ದ ತಾಳಿಯನ್ನೂ ಗಂಡನ ಮನೆಯ ತಾಳಿಯನ್ನೂ ಅದಕ್ಕೇ ಸೇರಿಸಿಕೊಟ್ಟರು. ಹದಿನಾಲ್ಕು ತಿಂಗಳ ನಂತರ, ಹಿತ್ತಿಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಾಗ ಸರ ಕಿತ್ತು ಕೆಳಗೆ ಜಾರಿತು. ತವರಿನ ತಾಳಿಯೂ ಎರಡು ಗುಂಡುಗಳೂ ಕಲ್ಲಿನ ಸಂದಿಯಲ್ಲಿ ಸಿಕ್ಕವು. ಇನ್ನೊಂದು ತಾಳಿ ನೀರಿನೊಡನೆ ಚರಂಡಿ ಸೇರಿತು.

ಸರವನ್ನು ಹೊಸದಾಗಿ ಪೋಣಿಸಲು ನಮ್ಮ ಬೀದಿಯ ಅಕ್ಕಸಾಲಿಗರ ಬಳಿ ಕೊಟ್ಟಾಗ, ಅವರು ಮಣಿಗಳನ್ನೆಲ್ಲ ಬಿಡಿಸಿ ಬೇರೆಯಾಗಿ ತೂಗಿದರು. "ಅಮ್ಮಾ, ಇದರಲ್ಲಿ ಗಾಜೇ 4.6 ಗ್ರಾಂ ಇದೆಯಲ್ಲ, ಬಿಲ್ಲಿನಲ್ಲಿ ಕಳೆದಿದ್ದಾರೆಯೇ?" ಎಂದು ಕೇಳಿದರು. ಬಿಲ್ಲಿನಲ್ಲಿ ಇದ್ದದ್ದು 19.4 ಗ್ರಾಂ ಎಂಬ ಒಂದೇ ಅಂಕಿ. ಅಂದು ನಾನು ಕೊಟ್ಟಿದ್ದ ಗ್ರಾಂಗೆ 4,700 ರೂಪಾಯಿಯ ಲೆಕ್ಕದಲ್ಲಿ, ಕೆಲವೇ ರೂಪಾಯಿ ಬಾಳುವ ಗಾಜಿನ ಮಣಿಗೆ 21,620 ರೂಪಾಯಿ ತೆತ್ತಿದ್ದೆ. ಅದರ ಮೇಲೆ ಶೇಕಡಾ 12ರ ಮಜೂರಿ ಬೇರೆ. ಕರಿಮಣಿ ಸರ ಕೊಳ್ಳುವಾಗ ಒಟ್ಟು ತೂಕ, ಮಣಿಯ ತೂಕ, ನಿವ್ವಳ ಚಿನ್ನದ ತೂಕ ಈ ಮೂರನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಬೇಕು. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ನಿವ್ವಳ ತೂಕ ಮತ್ತು ಶುದ್ಧತೆ ಇರಲೇಬೇಕೆಂಬುದು ಭಾರತೀಯ ಮಾನಕ ಬ್ಯೂರೋದ ನಿಯಮವೇ ಆಗಿದೆ. ಕೊಂಡಿಯ ಮೇಲೆ 22K916 ಎಂಬ ಗುರುತು ಇದ್ದುದರಿಂದ ನಾನು ನಿಶ್ಚಿಂತಳಾಗಿದ್ದೆ. ಆದರೆ ಆ ಗುರುತು ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ, ತಕ್ಕಡಿಯಲ್ಲಿ ಚಿನ್ನದೊಡನೆ ಇನ್ನೇನು ಕೂತಿತ್ತು ಎಂಬುದನ್ನಲ್ಲ.

ಇನ್ನು ಸರ ಕಿತ್ತದ್ದು ಏಕೆ ಎಂಬುದು. ಇಂತಹ ಸರದಲ್ಲಿ ಪ್ರತಿ ಮಣಿಯೊಳಗೂ ಒಂದು ತುಂಡು ತಂತಿ ಹಾದು, ಎರಡೂ ತುದಿಗಳು ಸುರುಳಿಯಾಗಿ ಮುಂದಿನ ಮಣಿಯ ಸುರುಳಿಗೆ ಸಿಕ್ಕಿಕೊಂಡಿರುತ್ತವೆ. ನನ್ನ ಸರದ ತಂತಿ ಹೊಲಿಗೆಯ ದಾರಕ್ಕಿಂತ ಹೆಚ್ಚು ದಪ್ಪವಿರಲಿಲ್ಲ, ಸುರುಳಿಗಳಿಗೆ ಬೆಸುಗೆಯೂ ಇರಲಿಲ್ಲ. ತಲಾ 4 ಗ್ರಾಂನ ಎರಡು ತಾಳಿಗಳು, ಜೊತೆಗೆ ಗುಂಡುಗಳು, ಇಷ್ಟೂ ಭಾರ ನಡುವಿನ ಎರಡು ಸುರುಳಿಗಳ ಮೇಲೆಯೇ ಜೋತುಬಿದ್ದಿತ್ತು. ಗಾಜು ಚಿನ್ನಕ್ಕಿಂತ ಗಟ್ಟಿಯಾದ ವಸ್ತು. ಬಾಗಿ ಏಳುವಾಗಲೆಲ್ಲ ಮಣಿಯ ತೂತಿನ ಅಂಚು ತಂತಿಯನ್ನು ಅರದಂತೆ ಉಜ್ಜುತ್ತದೆ. ಅಕ್ಕಸಾಲಿಗರು ಭೂತಗನ್ನಡಿಯಲ್ಲಿ ತೋರಿಸಿದಾಗ, ತಾಳಿಯ ಪಕ್ಕದ ಸುರುಳಿಗಳು ದುಂಡಗಿರದೆ ಮೊಟ್ಟೆಯ ಆಕಾರಕ್ಕೆ ಎಳೆದುಕೊಂಡಿದ್ದವು, ಒಂದರ ಬಾಯಿ ಆಗಲೇ ಕೂದಲೆಳೆಯಷ್ಟು ತೆರೆದಿತ್ತು. ಉಳಿದ ತಾಳಿಯ ಕಿವಿಯ ಒಳಗೂ ಗೀರು ಬಿದ್ದಿತ್ತು.

ಈಗ ಅವರು ನಡುವಿನಲ್ಲಿ ದಪ್ಪ ಚಿನ್ನದ ಸರಪಳಿಯ ಒಂದು ತುಂಡನ್ನು ಬೆಸೆದು, ತಾಳಿಗಳನ್ನು ಅದರ ಮೇಲೆ ಕೂರಿಸಿ, ಒಂದಕ್ಕೊಂದು ತಗುಲದಂತೆ ಮಧ್ಯೆ ಗುಂಡುಗಳನ್ನು ಇಟ್ಟಿದ್ದಾರೆ. ಹೊಸ ತಾಳಿಯನ್ನು ನಾನು ಬೇಕೆಂದೇ 2.5 ಗ್ರಾಂಗೆ ಇಳಿಸಿದೆ. ತಾಳಿಯ ತೂಕ ಹೆಚ್ಚಿಸುವ ಆಸೆಯಿದ್ದವರು ಅದೇ ಹಣವನ್ನು ಮೊದಲು ತಂತಿಗೂ ಬೆಸುಗೆಗೂ ಹಾಕುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ದಾರದ ಕರಿಮಣಿ ಇದಕ್ಕಿಂತ ಕ್ಷೇಮ ಎಂದೇನೂ ಅಲ್ಲ. ಸ್ನಾನದ ಸೋಪು, ಬೆವರು, ಅರಿಶಿನ ಎಲ್ಲವೂ ದಾರದಲ್ಲಿ ಇಂಗಿ, ಮಣಿಗಳ ಮರೆಯಲ್ಲಿ ಅದು ಒಳಗೊಳಗೇ ಶಿಥಿಲವಾಗುತ್ತದೆ. ಮಣಿಗಳ ನಡುವೆ ದಾರ ಬಿಳಿಚಿಕೊಂಡು ಕಂಡರೆ ಅಥವಾ ಸರ ಮೊದಲಿಗಿಂತ ಉದ್ದವಾಗಿ ಜೋತರೆ ತಡಮಾಡದೆ ಪೋಣಿಸಿಕೊಳ್ಳಬೇಕು. ನಮ್ಮತ್ತೆಯವರು ವರ್ಷಕ್ಕೆರಡು ಬಾರಿ, ಅದರಲ್ಲೊಂದು ಗೌರಿ ಹಬ್ಬಕ್ಕೆ ಮೊದಲು, ತಪ್ಪದೆ ಮಾಡಿಸುತ್ತಾರೆ. ಸರ ದುರಸ್ತಿಗೆ ಹೋದ ದಿನಗಳಲ್ಲಿ ಕೊರಳು ಬರಿದಾಗಬಾರದೆಂದು ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುವ ಪದ್ಧತಿ ಹೇಗೂ ಇದೆ. ಆದುದರಿಂದ "ಕೊರಳಿನಿಂದ ತೆಗೆಯಬಾರದು" ಎಂಬ ಕಾರಣಕ್ಕೆ ಸವೆದ ಸರವನ್ನು ಹಾಗೆಯೇ ಧರಿಸಿರುವ ಅಗತ್ಯವಿಲ್ಲ.

ತಂತಿಯ ಸರವನ್ನು ನಾನು ಈಗ ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ, ಮೆದುವಾದ ಬ್ರಷ್‌ನಿಂದ ತೊಳೆಯುತ್ತೇನೆ. ಬ್ಲೀಚ್ ಬಳಸಿ ಬಚ್ಚಲು ತೊಳೆಯುವಾಗ ಸರವನ್ನು ರವಿಕೆಯೊಳಗೆ ಸೇರಿಸಿಕೊಳ್ಳುತ್ತೇನೆ. ತೊಳೆದ ಮೇಲೆ ಬಿಳಿ ಬಟ್ಟೆಯ ಮೇಲೆ ಹರಡಿ, ನಡುವಿನ ಆರೇಳು ಸುರುಳಿಗಳ ಮೇಲೆ ಹತ್ತಿಯ ಎಳೆಯೊಂದನ್ನು ಮೆಲ್ಲನೆ ಎಳೆಯುತ್ತೇನೆ. ಸುರುಳಿಯ ಬಾಯಿ ತೆರೆದಿದ್ದರೆ ಎಳೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.