ಸ್ಟಾಪ್ ಒತ್ತಿದರೂ ವಿಂಚ್ ನಿಲ್ಲಲಿಲ್ಲ, ಹುಡುಗ ರಿವರ್ಸ್ ಒತ್ತಿದ

ಫಾರ್ವರ್ಡ್-ರಿವರ್ಸ್ ಮೋಟಾರ್ ಇರುವವರು ಇದನ್ನು ಓದಿ, ನಾಳೆಯೇ ನಿಮ್ಮ ಪ್ಯಾನೆಲ್ ಬಾಗಿಲು ತೆಗೆದು ನೋಡಿ. ಬೋಟ್ ಎಳೆಯುವ ವಿಂಚ್ ಇರಲಿ, ಗೋಡೌನಿನ ಹಾಯ್ಸ್ಟ್ ಇರಲಿ, ವೈರಿಂಗ್ ಒಂದೇ. ನೋಡಬೇಕಾದದ್ದು ಇಂಟರ್‌ಲಾಕ್, ಅಂದರೆ ಫಾರ್ವರ್ಡ್ ಮತ್ತು ರಿವರ್ಸ್ ಒಟ್ಟಿಗೆ ಆನ್ ಆಗದಂತೆ ತಡೆಯುವ ವ್ಯವಸ್ಥೆ.

ಕಾರವಾರದ ಹತ್ತಿರ ಕಾಳಿ ನದಿ ದಂಡೆಯಲ್ಲಿ ನಮ್ಮದೊಂದು ಸಣ್ಣ ಬೋಟ್ ರಿಪೇರಿ ಜಾಗ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ನಮಗೆ ಆಗಲೇ ಸುಗ್ಗಿ. ಬೋಟುಗಳನ್ನು ಟ್ರಾಲಿಗೆ ಹತ್ತಿಸಿ, ಇಳಿಜಾರಿನ ಹಳಿ ಮೇಲೆ ವಿಂಚ್‌ನಿಂದ ಎಳೆದು ಮೇಲೆ ತರುತ್ತೇವೆ. ವಿಂಚ್‌ಗೆ 7.5 ಎಚ್‌ಪಿ ತ್ರೀ ಫೇಸ್ ಮೋಟಾರ್. ಫಾರ್ವರ್ಡ್ ಅಂದರೆ ಮೇಲೆ, ರಿವರ್ಸ್ ಅಂದರೆ ಕೆಳಗೆ.

ಜೂನ್ ಮೊದಲ ವಾರ, ಸಂಜೆ, ಜಡಿಮಳೆ. ದಿನದ ಕೊನೆಯ ಬೋಟ್ ಮೇಲೆ ಬಂದಾಗಿತ್ತು. ಕೊನೆಯ ಎರಡು ಮಾರು ಇರುವಾಗ ನಾವು ಯಾವಾಗಲೂ ಗುಂಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಟ್ರಾಲಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತೇವೆ. ಹುಡುಗ ಹಾಗೇ ಮಾಡುತ್ತಿದ್ದ. ಒಂದು ಸಲ ಗುಂಡಿ ಬಿಟ್ಟ, ಮೋಟಾರ್ ನಿಲ್ಲಲಿಲ್ಲ. ಸ್ಟಾಪ್ ಒತ್ತಿದ. ನಿಲ್ಲಲಿಲ್ಲ. ಕೆಂಪು ಎಮರ್ಜೆನ್ಸಿ ಗುಂಡಿಗೆ ಬಡಿದ. ಊಹೂಂ. ಅದನ್ನು ತಿರುಗಿಸಿ ಬಿಡಿಸಿದ. ಟ್ರಾಲಿ ಕೊನೆಯ ಕಟ್ಟೆಗೆ ತಾಗಿ, ವೈರ್ ರೋಪ್ ಬಿಗಿದು ಕೂಗುತ್ತಿತ್ತು. ಆಗ ಅವನು ಯಾರಾದರೂ ಮಾಡುವುದನ್ನೇ ಮಾಡಿದ. ರಿವರ್ಸ್ ಒತ್ತಿದ.

ಪ್ಯಾನೆಲ್ ಒಳಗಿಂದ ಗರ್ನಾಲು ಸಿಡಿದ ಹಾಗೆ ಸದ್ದು. ಬಾಗಿಲಿನ ಬೀಗ ತುಕ್ಕು ಹಿಡಿದು ವರ್ಷವಾಗಿತ್ತು, ಬಾಗಿಲು ಅರೆ ತೆರೆದೇ ಇತ್ತು. ನೀಲಿ ಬೆಂಕಿ ಹೊರಗೆ ಬಂದು ಹುಡುಗನ ಬಲಗೈ ಮತ್ತು ಹುಬ್ಬು ಸುಟ್ಟಿತು. ಕಣ್ಣು ಉಳಿಯಿತು, ದೇವರು ದೊಡ್ಡವನು. ವಿಂಚ್‌ಗೆ ವರ್ಮ್ ಗೇರ್ ಇದ್ದದ್ದರಿಂದ ಕರೆಂಟ್ ಹೋದರೂ ಬೋಟ್ ಹಿಂದೆ ಜಾರಲಿಲ್ಲ. ಆದರೂ ಓಡಿಹೋಗಿ ಚಕ್ರಕ್ಕೆ ಮರದ ಗುಟ್ಟ ಕೊಟ್ಟೆವು.

ಆಗಿದ್ದು ಇಷ್ಟು. ತ್ರೀ ಫೇಸ್ ಮೋಟಾರ್ ತಿರುಗುವ ದಿಕ್ಕು ಬದಲಿಸಬೇಕಾದರೆ ಮೂರರಲ್ಲಿ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಬೇಕು. ಅದಕ್ಕೇ ಎರಡು ಕಾಂಟ್ಯಾಕ್ಟರ್. ಕಾಂಟ್ಯಾಕ್ಟರ್ ಅಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಆರ್ಮೇಚರ್ ಅನ್ನುವ ಕಬ್ಬಿಣದ ತುಂಡನ್ನು ಒಳಗೆ ಎಳೆದುಕೊಂಡು ಮೋಟಾರ್‌ನ ದಾರಿ ಕೂಡಿಸುವ ಸ್ವಿಚ್. ಫಾರ್ವರ್ಡ್ ಕಾಂಟ್ಯಾಕ್ಟರ್ ಆರ್, ವೈ, ಬಿ ಫೇಸ್‌ಗಳನ್ನು ಅದೇ ಕ್ರಮದಲ್ಲಿ ಮೋಟಾರ್‌ಗೆ ಕೊಡುತ್ತದೆ. ರಿವರ್ಸ್ ಕಾಂಟ್ಯಾಕ್ಟರ್ ಆರ್ ಜಾಗದಲ್ಲಿ ಬಿ, ಬಿ ಜಾಗದಲ್ಲಿ ಆರ್ ಕೊಡುತ್ತದೆ. ಎರಡರ ಹೊರಗಿನ ತಂತಿಗಳು ಒಂದೇ ಕಡೆ ಸೇರುತ್ತವೆ. ಹಾಗಾಗಿ ಎರಡೂ ಒಟ್ಟಿಗೆ ಎಳೆದುಕೊಂಡರೆ ಆರ್ ಮತ್ತು ಬಿ ನೇರವಾಗಿ ಒಂದಕ್ಕೊಂದು ಕೂಡಿದಂತೆ. ನಡುವೆ ಮೋಟಾರೂ ಇಲ್ಲ, ಏನೂ ಇಲ್ಲ.

ಎಷ್ಟು ಕರೆಂಟ್ ಹರಿದಿರಬಹುದು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಟ್ರಾನ್ಸ್‌ಫಾರ್ಮರ್‌ನಿಂದ ನಮ್ಮ ಪ್ಯಾನೆಲ್‌ಗೆ ಸುಮಾರು 80 ಮೀಟರ್, 16 ಚದರ ಮಿಲಿಮೀಟರ್ ಅಲ್ಯುಮಿನಿಯಂ ಕೇಬಲ್. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ 0.3 ಓಮ್. ಟ್ರಾನ್ಸ್‌ಫಾರ್ಮರ್ ತಡೆಯನ್ನೂ ಸೇರಿಸಿದರೆ ಹೆಚ್ಚುಕಡಿಮೆ 0.4. ಎರಡು ಫೇಸ್ ನಡುವೆ 415 ವೋಲ್ಟ್. ಭಾಗಿಸಿದರೆ ಸಾವಿರ ಆಂಪಿಯರ್. ನಮ್ಮ ಮೋಟಾರ್ ಪೂರ್ತಿ ಲೋಡ್‌ನಲ್ಲಿ ಎಳೆಯುವುದು 11 ಆಂಪಿಯರ್!

ಮೋಟಾರ್ ಹೆಚ್ಚು ಕರೆಂಟ್ ಎಳೆದರೆ ಕಡಿಯುವ ಓವರ್‌ಲೋಡ್ ರಿಲೇ ಇತ್ತಲ್ಲ, ಅದು ಯಾಕೆ ಬೀಳಲಿಲ್ಲ ಅಂತ ತುಂಬಾ ಜನ ಕೇಳಿದರು. ರಿಲೇ ಇರುವುದು ಕಾಂಟ್ಯಾಕ್ಟರ್‌ಗಳ ನಂತರ, ಮೋಟಾರ್ ದಾರಿಯಲ್ಲಿ. ಈ ಶಾರ್ಟ್ ಅದಕ್ಕಿಂತ ಮೊದಲೇ ಒಂದು ಸುತ್ತು ಮುಗಿಸಿಬಿಡುತ್ತದೆ. ರಿಲೇಗೆ ಸುದ್ದಿಯೇ ಮುಟ್ಟುವುದಿಲ್ಲ. ನಮ್ಮನ್ನು ಉಳಿಸಿದ್ದು ಮೇನ್ ಸ್ವಿಚ್‌ನ ಫ್ಯೂಸ್. ಆರ್ ಮತ್ತು ಬಿ ಫ್ಯೂಸ್ ಹೋಗಿದ್ದವು, ವೈ ಫ್ಯೂಸ್ ಗಟ್ಟಿಯಾಗಿತ್ತು. ಮೋಟಾರ್‌ಗೆ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕಿದರೆ ಸರಿ ತೋರಿಸಿತು. ಅದಲುಬದಲು ಮಾಡಿದ ಅದೇ ಎರಡು ಫೇಸ್ ಹೋಗಿ ಮೋಟಾರ್ ಸರಿ ಇದ್ದರೆ, ಮೊದಲ ಅನುಮಾನ ಇಂಟರ್‌ಲಾಕ್ ಮೇಲೇ ಇರಲಿ. ಇನ್ನೊಂದು ಮಾತು, ಎರಡು ಫ್ಯೂಸ್ ಹೋದರೂ ವೈ ಫೇಸ್ ಪ್ಯಾನೆಲ್ ಒಳಗೆ ಜೀವಂತ ಇತ್ತು. 'ಎಲ್ಲಾ ಸತ್ತಿದೆ' ಅಂತ ಕೈ ಹಾಕಲು ಹೊರಟಿದ್ದ ನನ್ನ ಭಾವನನ್ನು ನಾನೇ ಹಿಡಿದು ಎಳೆದೆ.

ಈಗ ತಪ್ಪು ಎಲ್ಲಿ ಅಂತ. ಹಿಂದಿನ ವರ್ಷ ಪ್ಯಾನೆಲ್‌ಗೆ ಎರಡೂ ಕಾಂಟ್ಯಾಕ್ಟರ್ ಹೊಸದು ಹಾಕಿಸಿದ್ದೆ. ಹಾಕಿದವನ ಹೆಸರು ಬೇಡ. ಕೈ ಚುರುಕು, ಆದರೆ ಬಸ್ ಹಿಡಿಯುವ ಅವಸರ. ವೈರಿಂಗ್ ಮುಗಿಸಿ ಫಾರ್ವರ್ಡ್ ಒತ್ತಿದಾಗ ಕಾಂಟ್ಯಾಕ್ಟರ್ 'ಟರ್‍ರ್‍ರ್' ಅಂತ ಕಾಲಿಂಗ್ ಬೆಲ್ ಹಾಗೆ ಬಡಿದುಕೊಂಡಿತು. ಎರಡು ನಿಮಿಷ ನೋಡಿ, ಒಂದು ತುಂಡು ತಂತಿ ತೆಗೆದು ಏನೋ ಲೂಪ್ ಮಾಡಿದ. ಶಬ್ದ ನಿಂತಿತು. "ಈಗ ಸರಿ ಆಯ್ತು ಮಾಮಾ, ನೀವು ಸುಮ್ನೆ ಹೆದರಬೇಡಿ" ಅಂದ. ನಾನೂ ಚಾ ಕುಡಿಸಿ, ದುಡ್ಡು ಕೊಟ್ಟು ಕಳಿಸಿದೆ. ಆ ತಂತಿ ತುಂಡಿನ ಅರ್ಥ ತಿಳಿಯಲು ನನಗೆ ಒಂದು ವರ್ಷ ಮತ್ತು ಹುಡುಗನ ಕೈ ಬೇಕಾಯಿತು.

ಎಲೆಕ್ಟ್ರಿಕಲ್ ಇಂಟರ್‌ಲಾಕ್ ಅಂದರೆ ಸರಳ. ಪ್ರತಿ ಕಾಂಟ್ಯಾಕ್ಟರ್‌ನಲ್ಲೂ ಒಂದು ಎನ್‌ಸಿ ಪಾಯಿಂಟ್ ಇರುತ್ತದೆ, ಸಾಮಾನ್ಯವಾಗಿ 21-22 ಅಥವಾ 11-12 ಅಂತ ಬರೆದಿರುತ್ತದೆ. ಕಾಂಟ್ಯಾಕ್ಟರ್ ಸುಮ್ಮನಿದ್ದಾಗ ಅದು ಕೂಡಿರುತ್ತದೆ, ಎಳೆದುಕೊಂಡಾಗ ಬಿಡಿಸಿಕೊಳ್ಳುತ್ತದೆ. ಫಾರ್ವರ್ಡ್‌ನ ಎನ್‌ಸಿ ಮೂಲಕ ಹಾದು ರಿವರ್ಸ್ ಕಾಯಿಲ್‌ಗೆ ಕರೆಂಟ್ ಹೋಗಬೇಕು. ರಿವರ್ಸ್‌ನ ಎನ್‌ಸಿ ಮೂಲಕ ಹಾದು ಫಾರ್ವರ್ಡ್ ಕಾಯಿಲ್‌ಗೆ ಹೋಗಬೇಕು. ಒಬ್ಬ ಒಳಗಿದ್ದರೆ ಇನ್ನೊಬ್ಬನಿಗೆ ಬಾಗಿಲು ಮುಚ್ಚಿದ ಹಾಗೆ. ನಮ್ಮವನು ಫಾರ್ವರ್ಡ್‌ನ ಎನ್‌ಸಿಯನ್ನು ಫಾರ್ವರ್ಡ್‌ನದೇ ಕಾಯಿಲ್ ದಾರಿಗೆ ಹಾಕಿದ್ದ, ರಿವರ್ಸ್‌ನದ್ದನ್ನು ರಿವರ್ಸ್‌ಗೇ. ಕಾಯಿಲ್ ಎಳೆದ ಕೂಡಲೇ ತನ್ನ ಕರೆಂಟನ್ನು ತಾನೇ ಕಡಿದುಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಕರೆಂಟ್ ಬರುತ್ತದೆ, ಮತ್ತೆ ಎಳೆಯುತ್ತದೆ. ಅದೇ ಆ ಟರ್‍ರ್ ಶಬ್ದ. ಎರಡು ತಂತಿ ಅದಲುಬದಲು ಮಾಡಿದ್ದರೆ ಮುಗಿಯುತ್ತಿತ್ತು. ಅವನು ಎನ್‌ಸಿಗಳನ್ನೇ ಲೂಪ್ ಮಾಡಿ ಇಂಟರ್‌ಲಾಕ್ ತೆಗೆದುಬಿಟ್ಟ.

ಮೆಕ್ಯಾನಿಕಲ್ ಇಂಟರ್‌ಲಾಕ್ ಎರಡು ಕಾಂಟ್ಯಾಕ್ಟರ್ ನಡುವೆ ಕೂರುವ ಒಂದು ಸಣ್ಣ ತುಂಡು. ಒಂದರ ಆರ್ಮೇಚರ್ ಒಳಗೆ ಹೋದರೆ ಒಳಗಿನ ಸನ್ನೆ ಇನ್ನೊಂದನ್ನು ಅಲುಗಾಡದಂತೆ ತಡೆಯುತ್ತದೆ. ಕೆಲವು ನೂರು ರೂಪಾಯಿಯ ವಸ್ತು. "ಈ ಕಂಪನಿಯದ್ದಕ್ಕೆ ಹೊಂದುವುದು ಪೇಟೆಯಲ್ಲಿ ಇಲ್ಲ, ಎಲೆಕ್ಟ್ರಿಕಲ್ ಇದ್ದರೆ ಸಾಕು" ಅಂದಿದ್ದ. ಅದನ್ನೂ ಲೂಪ್ ಮಾಡಿದ್ದ ಅನ್ನುವುದು ಬೇರೆ ಮಾತು.

ಒಂದು ಇದ್ದರೆ ಸಾಲದಾ? ಸಾಲದು. ಬರೀ ಎಲೆಕ್ಟ್ರಿಕಲ್ ಇದ್ದರೆ, ಯಾರಾದರೂ ಟೆಸ್ಟ್ ಮಾಡಲು ಸ್ಕ್ರೂಡ್ರೈವರ್‌ನಿಂದ ಕಾಂಟ್ಯಾಕ್ಟರ್ ತಲೆ ಒತ್ತಿದಾಗ ಅದು ಏನೂ ಮಾಡಲಾರದು, ಕಾಯಿಲ್ ದಾರಿಯೇ ಅಲ್ಲವಲ್ಲ ಅದು. ಬರೀ ಮೆಕ್ಯಾನಿಕಲ್ ಇದ್ದರೆ ಶಾರ್ಟ್ ಆಗುವುದಿಲ್ಲ, ಆದರೆ ತಡೆಹಿಡಿದ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಆರ್ಮೇಚರ್ ಪೂರ್ತಿ ಕೂರದೆ ಎಸಿ ಕಾಯಿಲ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆದು ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.

ಮೋಟಾರ್ ಯಾಕೆ ನಿಲ್ಲಲಿಲ್ಲ ಅನ್ನುವುದು ಸುಟ್ಟ ಫಾರ್ವರ್ಡ್ ಕಾಂಟ್ಯಾಕ್ಟರ್ ಬಿಚ್ಚಿದಾಗ ಗೊತ್ತಾಯಿತು. ಮೂರು ಪೋಲ್‌ಗಳಲ್ಲಿ ನಡುವಿನದು, ವೈ ಫೇಸ್‌ನದು, ಶಾರ್ಟ್‌ನ ದಾರಿಯಲ್ಲೇ ಇರಲಿಲ್ಲ. ಆದರೂ ಅದು ಬೆಸುಗೆ ಹಾಕಿದಂತೆ ಅಂಟಿತ್ತು. ಅಂದರೆ ಶಾರ್ಟ್‌ಗಿಂತ ಮೊದಲೇ ಅಂಟಿದ್ದು. ಅದು ಆರ್ಮೇಚರನ್ನು ಒಳಗೇ ಹಿಡಿದಿಟ್ಟಿತ್ತು, ಕಾಯಿಲ್ ಕರೆಂಟ್ ಕಡಿದು ಏನು ಪ್ರಯೋಜನ? ಕಾರಣ ನಮ್ಮದೇ ಆ ಒತ್ತಿ-ಬಿಡುವ ಅಭ್ಯಾಸ. ಪ್ರತಿ ಒತ್ತಿಗೂ ಮೋಟಾರ್ ಆರು ಪಟ್ಟು ಸ್ಟಾರ್ಟಿಂಗ್ ಕರೆಂಟ್ ಎಳೆಯುತ್ತದೆ, ಅದು ಇಳಿಯುವ ಮೊದಲೇ ನಾವು ಕಡಿಯುತ್ತೇವೆ. ಇದ್ದದ್ದು ಎಸಿ-3, ಅಂದರೆ ಮೋಟಾರ್ ಪೂರ್ತಿ ವೇಗಕ್ಕೆ ಬಂದ ಮೇಲೆ ಕಡಿಯುವ ಮಾಮೂಲಿ ಕೆಲಸದ ಲೆಕ್ಕದ 12 ಆಂಪಿಯರ್ ಕಾಂಟ್ಯಾಕ್ಟರ್. ಈ ತರಹದ ಕೆಲಸವನ್ನು ಎಸಿ-4 ಅಂತ ಬೇರೆಯೇ ಲೆಕ್ಕ ಹಿಡಿದು ದೊಡ್ಡದು ಹಾಕಬೇಕು. ಈಗ ಎರಡೂ 32 ಆಂಪಿಯರ್‌ನವು.

ಇಲ್ಲಿ ಒಂದು ವಿಷಯ ಜಾಸ್ತಿ ಜನರಿಗೆ ಹೊಳೆಯುವುದಿಲ್ಲ. ಇಂಟರ್‌ಲಾಕ್ ಎರಡೂ ಸರಿ ಇದ್ದಿದ್ದರೆ ಆ ದಿನ ಶಾರ್ಟ್ ಆಗುತ್ತಿರಲಿಲ್ಲ, ಹುಡುಗನ ಕೈ ಉಳಿಯುತ್ತಿತ್ತು. ಆದರೆ ಮೋಟಾರ್ ನಿಲ್ಲುತ್ತಿರಲಿಲ್ಲ. ಸ್ಟಾಪ್, ಎಮರ್ಜೆನ್ಸಿ, ಲಿಮಿಟ್ ಸ್ವಿಚ್ ಮೂರೂ ಕಡಿಯುವುದು ಕಾಯಿಲ್ ಕರೆಂಟನ್ನೇ. ಕಾಂಟ್ಯಾಕ್ಟರ್ ಅಂಟಿದರೆ ಮೋಟಾರ್‌ಗೆ ಬರುವ ಕರೆಂಟನ್ನೇ ಕಡಿಯಬೇಕು. ನಮ್ಮ ಮೇನ್ ಸ್ವಿಚ್ ಶೆಡ್‌ನ ಹಿಂದಿನ ಗೋಡೆಯಲ್ಲಿ, ಬಲೆಗಳ ರಾಶಿಯ ಆಚೆ ಇತ್ತು. ಈಗ ವಿಂಚ್ ಪಕ್ಕದಲ್ಲೇ, ಗುಂಡಿ ಒತ್ತುವವನ ಕೈಗೆ ಸಿಗುವಂತೆ, ಲೋಡ್ ಇದ್ದಾಗಲೂ ಕಡಿಯಬಲ್ಲ ತಿರುಗಿಸುವ ಹ್ಯಾಂಡಲ್‌ನ ಐಸೊಲೇಟರ್ ಹಾಕಿಸಿದ್ದೇನೆ.

ನಿಮ್ಮ ಪ್ಯಾನೆಲ್ ಪರೀಕ್ಷೆ ಮಾಡಿಸುವಾಗ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಲ್ಲಿ. ಮೊದಲು ಮೇನ್ ಪೂರ್ತಿ ಇಳಿಸಿ, ಮೂರೂ ಫೇಸ್‌ಗೆ ಟೆಸ್ಟರ್ ಹಿಡಿದು ಸತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಫಾರ್ವರ್ಡ್ ಕಾಂಟ್ಯಾಕ್ಟರ್ ತಲೆಯನ್ನು ಬೆರಳಿಂದ ಒಳಗೆ ಒತ್ತಿ ಹಿಡಿದು ರಿವರ್ಸ್‌ನದ್ದನ್ನು ಒತ್ತಲು ನೋಡಿ. ಅದು ಹೋಗಬಾರದು. ಹೋದರೆ ಮೆಕ್ಯಾನಿಕಲ್ ಇಲ್ಲ ಅಥವಾ ಮುರಿದಿದೆ. ಫಾರ್ವರ್ಡ್ ಒತ್ತಿ ಹಿಡಿದೇ, ರಿವರ್ಸ್ ಕಾಯಿಲ್‌ನ ಎ1 ಮತ್ತು ರಿವರ್ಸ್ ಗುಂಡಿಯಿಂದ ಬರುವ ತಂತಿ, ಎರಡರ ನಡುವೆ ಮಲ್ಟಿಮೀಟರ್ ಬೀಪ್ ಇಡಿ. ಒತ್ತಿದಾಗ ಬೀಪ್ ನಿಲ್ಲಬೇಕು, ಬಿಟ್ಟಾಗ ಬರಬೇಕು. ಒತ್ತಿದರೂ ಬೀಪ್ ಬರುತ್ತಿದ್ದರೆ ಯಾರೋ ಲೂಪ್ ಹಾಕಿದ್ದಾರೆ. ಇನ್ನೊಂದು ಬದಿಗೂ ಹೀಗೇ. ಬೆರಳಿಂದ ಒತ್ತುವುದು ಅಂದರೆ ಅಂಟಿಕೊಂಡ ಕಾಂಟ್ಯಾಕ್ಟರ್‌ನ ನಾಟಕ ಆಡಿದ ಹಾಗೆ. ಬರೀ ಗುಂಡಿ ಒತ್ತಿ 'ಎರಡೂ ದಿಕ್ಕಿಗೂ ತಿರುಗುತ್ತದೆ' ಅಂತ ನೋಡಿದರೆ ಏನೂ ತಿಳಿಯುವುದಿಲ್ಲ. ನಮ್ಮದೂ ವರ್ಷವಿಡೀ ಎರಡೂ ದಿಕ್ಕಿಗೆ ಚೆನ್ನಾಗಿಯೇ ತಿರುಗಿತ್ತು.

ಹೊಸದು ಕೊಳ್ಳುವುದಾದರೆ, ಕ್ಯಾಟಲಾಗ್‌ನಲ್ಲಿ ಎನ್‌ಸಿಗೆ 'ಮಿರರ್ ಕಾಂಟ್ಯಾಕ್ಟ್' ಅಂತ ಬರೆದಿದೆಯಾ ನೋಡಿ. ಮುಖ್ಯ ಪೋಲ್ ಒಂದೇ ಅಂಟಿಕೊಂಡರೂ ಆ ಎನ್‌ಸಿ ಮುಚ್ಚುವುದಿಲ್ಲ ಅಂತ ಅದರ ಅರ್ಥ. ಅಗ್ಗದ ಮಾಲಿನಲ್ಲಿ ಈ ಭರವಸೆ ಇರುವುದಿಲ್ಲ.

ಹುಡುಗ ಈಗ ಕೆಲಸಕ್ಕೆ ವಾಪಸ್ ಬಂದಿದ್ದಾನೆ, ಬಲಗೈ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಹೋದ ವಾರ ನದಿಯ ಆಚೆ ದಂಡೆಯ ನಮ್ಮ ಪರಿಚಯದವರೊಬ್ಬರ ಐಸ್ ಫ್ಯಾಕ್ಟರಿಗೆ ಹೋಗಿದ್ದೆ. "ನಮ್ಮ ಹಾಯ್ಸ್ಟ್‌ದು ಎಲ್ಲಾ ಸರಿ ಇದೆ ಮಾರಾಯ್ರೇ, ಕಂಪನಿ ಪ್ಯಾನೆಲ್" ಅಂದರು. ಬಾಗಿಲು ತೆಗೆಸಿದೆ. ಮೆಕ್ಯಾನಿಕಲ್ ಇಂಟರ್‌ಲಾಕ್ ಇತ್ತು. ಪ್ಯಾನೆಲ್‌ನ ತಳದಲ್ಲಿ, ಪ್ಲಾಸ್ಟಿಕ್ ಕವರ್ ಸಹ ಒಡೆಯದೆ ಬಿದ್ದಿತ್ತು.